ಕಲಬುರಗಿಯ ಬಿಸಿಲಿಗೆ ಹತ್ತು ಲೀಟರಿನ ಪಿಸಿ

ಪ್ರಶ್ನೆ: ಕಲಬುರಗಿಯಲ್ಲಿ ಎಂಟು ಅಡಿ ಅಗಲ, ಹತ್ತು ಅಡಿ ಉದ್ದದ ಬಾಡಿಗೆ ರೂಮಿನಲ್ಲಿದ್ದೇನೆ. ಮಂಚ, ಬೀರು ಹೋಗಿ ಉಳಿಯುವುದು ಎರಡೂವರೆ ಅಡಿಯ ಮೇಜು. ಮದುವೆ ವಿಡಿಯೊ ಎಡಿಟ್ ಮಾಡುತ್ತೇನೆ, ರಾತ್ರಿ ಸ್ವಲ್ಪ ಗೇಮ್. ರೈಜೆನ್ 5 7600 ಪ್ರೊಸೆಸರ್, ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್ ಹಾಕಿ ಪುಟ್ಟ ಮಿನಿ-ಐಟಿಎಕ್ಸ್ ಪಿಸಿ ಕಟ್ಟುವ ಆಸೆ. ಚಪ್ಪಟೆ ಕೂಲರ್ ಈ ಊರಿನ ಬೇಸಿಗೆಗೆ ತಡೆಯುತ್ತದೆಯೇ? ಅಂಗಡಿಯವರು "ಸುಟ್ಟು ಹೋಗುತ್ತೆ, ದೊಡ್ಡ ಕ್ಯಾಬಿನೆಟ್ ತಗೊಳ್ಳಿ" ಅನ್ನುತ್ತಾರೆ. ಎಸ್‌ಎಫ್‌ಎಕ್ಸ್ ಪವರ್ ಸಪ್ಲೈ ಎಷ್ಟು ವ್ಯಾಟಿನದು ಬೇಕು?

ಉತ್ತರ: ಸುಡುವುದಿಲ್ಲ. 7600 ಪ್ರೊಸೆಸರ್ 95 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಕೂಡಲೇ ತಾನೇ ವೇಗ ಇಳಿಸಿಕೊಂಡು ಅಲ್ಲೇ ನಿಲ್ಲುತ್ತದೆ. ಹಾಗಂತ ಅಂಗಡಿಯವರ ಮಾತು ಪೂರ್ತಿ ಸುಳ್ಳೂ ಅಲ್ಲ. ಬೆಂಗಳೂರಿನ ಡಿಸೆಂಬರಿನಲ್ಲಿ ಸಲೀಸಾಗಿ ಓಡುವ ಪುಟ್ಟ ಪಿಸಿ, ಕಲಬುರಗಿಯ ಮೇ ತಿಂಗಳಲ್ಲಿ ಫ್ಯಾನ್ ಕಿರುಚಿಸುತ್ತ ರೆಂಡರ್ ಅನ್ನು ನಿಧಾನ ಮಾಡುವುದು ಸಾಮಾನ್ಯ. ಅದನ್ನು ತಪ್ಪಿಸುವ ದಾರಿ ದುಬಾರಿ ಕೂಲರ್ ಅಲ್ಲ. ಪ್ರೊಸೆಸರಿಗೆ ಎಷ್ಟು ವ್ಯಾಟ್ ಬಿಡುತ್ತೀರಿ, ಕೂಲರಿನ ಫ್ಯಾನು ಯಾವ ಗಾಳಿಯನ್ನು ಎಳೆಯುತ್ತದೆ, ಈ ಎರಡರಲ್ಲೇ ಮುಕ್ಕಾಲು ಪಾಲು ಕೆಲಸ ಮುಗಿಯುತ್ತದೆ.

ಮೊದಲು ವ್ಯಾಟಿನ ಲೆಕ್ಕ. 7600ರ ಡಬ್ಬಿಯ ಮೇಲೆ 65 ವ್ಯಾಟ್ ಎಂದಿರುತ್ತದೆ, ಆದರೆ ಸಾಕೆಟ್ಟಿನಿಂದ ಅದು ಎಳೆದುಕೊಳ್ಳಬಹುದಾದ ಮಿತಿ 88 ವ್ಯಾಟ್. ಬಯೋಸ್‌ನಲ್ಲಿ ಈ ಮಿತಿಯ ಹೆಸರು `PPT`. ಅಲ್ಲೇ `Eco Mode` ಎಂಬುದರಲ್ಲಿ 45 ವ್ಯಾಟಿನ ಆಯ್ಕೆ ಹಾಕಿದರೆ ಮಿತಿ 61 ವ್ಯಾಟಿಗೆ ಇಳಿಯುತ್ತದೆ. ಕೆಲವು ಮದರ್‌ಬೋರ್ಡ್‌ಗಳಲ್ಲಿ ಈ ಆಯ್ಕೆ ಕಾಣದಿದ್ದರೂ `PPT` ಅಂಕಿಯನ್ನು ಕೈಯಾರೆ ಬರೆಯಲು ಜಾಗವಿರುತ್ತದೆ.

ಇದು ಯಾಕೆ ಮುಖ್ಯ ಅಂದರೆ, ಕೂಲರ್ ಪ್ರೊಸೆಸರನ್ನು ರೂಮಿಗಿಂತ ತಣ್ಣಗೆ ಮಾಡಲಾರದು. ರೂಮಿನ ಬಿಸಿಯ ಮೇಲೆ ಎಷ್ಟು ಡಿಗ್ರಿ ಏರುತ್ತದೆ ಎಂಬುದನ್ನು ಮಾತ್ರ ಅದು ತಡೆಹಿಡಿಯುತ್ತದೆ. ಆ ಏರಿಕೆ ಹೆಚ್ಚುಕಡಿಮೆ ವ್ಯಾಟಿನ ಅನುಪಾತದಲ್ಲೇ ಹೋಗುತ್ತದೆ, ರೂಮು ಎಷ್ಟು ಡಿಗ್ರಿ ಕಾದರೆ ಪ್ರೊಸೆಸರೂ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಕಾಯುತ್ತದೆ. ಹಾಗಾಗಿ ತಂಪು ಕಾಲದಲ್ಲಿ ಒಮ್ಮೆ ಅಳೆದುಕೊಂಡರೆ ಬೇಸಿಗೆಯ ಸ್ಥಿತಿಯನ್ನು ಕಾಗದದ ಮೇಲೇ ಹೇಳಿಬಿಡಬಹುದು. ರೂಮು 27 ಡಿಗ್ರಿ ಇರುವಾಗ, 88 ವ್ಯಾಟಿನ ಪೂರ್ಣ ಹೊರೆಯಲ್ಲಿ, ನಿಮ್ಮ ಪ್ರೊಸೆಸರ್ 83 ತೋರಿಸಿತು ಎಂದಿಟ್ಟುಕೊಳ್ಳಿ. ಏರಿಕೆ 56. ಅದೇ ರೂಮು ಮೇ ತಿಂಗಳಲ್ಲಿ 40 ಆದರೆ 40ಕ್ಕೆ 56 ಸೇರಿ 96, ಅಂದರೆ 95ರ ಮಿತಿಯನ್ನು ದಾಟಿತು, ವೇಗ ಇಳಿಯಿತು. ಈಗ 61 ವ್ಯಾಟಿಗೆ ಹಾಕಿ ನೋಡಿ:

```
(83 − 27) × 61 ÷ 88 + 40 ≈ 79
```

ಅದೇ ಕೂಲರ್, ಅದೇ ಬಿಸಿಲು, ಹದಿನೇಳು ಡಿಗ್ರಿ ಕಡಿಮೆ. ಇಲ್ಲಿ 83 ನಾನು ಉದಾಹರಣೆಗೆ ಹಿಡಿದ ಅಂಕಿ, ನಿಮ್ಮದು ಬೇರೆ ಬಂದೀತು. ಸೂತ್ರ ಮಾತ್ರ ಇದೇ. ಇದಕ್ಕೆ ತೆರಬೇಕಾದದ್ದು ರೆಂಡರ್ ಹೊತ್ತಿನಲ್ಲಿ ಒಂದಿಷ್ಟು ನಿಧಾನ. ಗೇಮಿನಲ್ಲಿ ವ್ಯತ್ಯಾಸ ಗೊತ್ತಾಗುವುದೇ ಕಷ್ಟ, ಯಾಕೆಂದರೆ ಅಲ್ಲಿ ಆರೂ ಕೋರ್‌ಗಳು ಒಟ್ಟಿಗೆ ಪೂರ್ತಿ ದುಡಿಯುವುದು ಅಪರೂಪ. ವಿಡಿಯೊ ಹೊರತೆಗೆಯುವಾಗ ಎನ್‌ಕೋಡಿಂಗ್ ಅನ್ನು 4060ರ ಮೇಲೆ ಹೊರಿಸಿದರೆ ಪ್ರೊಸೆಸರಿನ ಪಾಲಿನ ಹೊರೆಯೂ ಇಳಿಯುತ್ತದೆ. ನಿಮ್ಮ ಜಾಗದಲ್ಲಿ ನಾನಿದ್ದರೆ 7600ಎಕ್ಸ್ ಬೇಡವೇ ಬೇಡ ಅನ್ನುತ್ತಿದ್ದೆ. ಅದರ ಮಿತಿ 142 ವ್ಯಾಟ್. ಚಪ್ಪಟೆ ಕೂಲರಿನ ಕೆಳಗೆ ಆ ಹೆಚ್ಚಿನ ವ್ಯಾಟಿಗೆ ಕೊಟ್ಟ ಹಣ ಬಿಸಿಯಾಗಿಯೇ ಹೋಗುತ್ತದೆ.

ಇನ್ನು ಗಾಳಿಯ ದಾರಿ. ಇಲ್ಲಿ ಕ್ಯಾಬಿನೆಟ್ಟನ್ನು ಮೊದಲು ಆರಿಸಿ, ಕೂಲರನ್ನು ಆಮೇಲೆ. ಹೆಚ್ಚಿನವರು ಉಲ್ಟಾ ಮಾಡುತ್ತಾರೆ. ನನ್ನ ಮೊದಲ ಪುಟ್ಟ ಪಿಸಿಯಲ್ಲಿ ನಾನೂ ಹಾಗೇ ಮಾಡಿದೆ: ಕೂಲರಿನ ಅಲ್ಯುಮಿನಿಯಂ ರೆಕ್ಕೆಗಳ ಎತ್ತರ ನೋಡಿ ತಂದು, ಫ್ಯಾನಿನ ದಪ್ಪ ಸೇರಿಸುವುದನ್ನೇ ಮರೆತಿದ್ದೆ. ಪಕ್ಕದ ತಗಡು ನಾಲ್ಕು ಮಿಲಿಮೀಟರ್ ಎದ್ದು ನಿಂತಿತ್ತು. ಒಂದು ವಾರ ಅದನ್ನು ತೆರೆದೇ ಇಟ್ಟು ನಡೆಸಿದೆ.

ಒಂದು ನಿಜವಾದ ಡಬ್ಬಿಯನ್ನೇ ಹಿಡಿದು ಲೆಕ್ಕ ಮಾಡೋಣ. ಫ್ರಾಕ್ಟಲ್ ಕಂಪನಿಯ ಟೆರಾ 10.4 ಲೀಟರಿನ ಕ್ಯಾಬಿನೆಟ್. ಉದ್ದ 343, ಅಗಲ 153, ಎತ್ತರ 218 ಮಿಲಿಮೀಟರ್, ನಿಮ್ಮ ಎರಡೂವರೆ ಅಡಿಯ ಮೇಜಿನ ಮೂಲೆಯಲ್ಲಿ ಮಾನಿಟರ್ ಪಕ್ಕಕ್ಕೆ ಕೂರುತ್ತದೆ. ಒಳಗೆ ಬೆನ್ನುಮೂಳೆಯ ಹಾಗೆ ನಡುವೆ ಒಂದು ತಗಡು ನಿಂತಿದೆ. ಅದರ ಒಂದು ಬದಿಗೆ 170ಕ್ಕೆ 170 ಮಿಲಿಮೀಟರಿನ ಮದರ್‌ಬೋರ್ಡ್, ಇನ್ನೊಂದು ಬದಿಗೆ ಗ್ರಾಫಿಕ್ಸ್ ಕಾರ್ಡ್, ಎರಡನ್ನೂ ಜೋಡಿಸಲು ನಡುವೆ ರೈಸರ್ ಕೇಬಲ್. ಆ ನಡುತಗಡನ್ನು ಅತ್ತಿತ್ತ ಸರಿಸಬಹುದು. ಒಂದು ತುದಿಗೆ ಸರಿಸಿದರೆ ಕೂಲರಿಗೆ 77 ಮಿಲಿಮೀಟರ್, ಕಾರ್ಡಿಗೆ 43. ಇನ್ನೊಂದು ತುದಿಯಲ್ಲಿ ಕೂಲರಿಗೆ 48, ಕಾರ್ಡಿಗೆ 72. ಕೂಡಿಸಿ ನೋಡಿ, ಎರಡು ಕಡೆಯೂ 120. ಅಣ್ಣತಮ್ಮಂದಿರ ಪಾಲಿನ ಹಾಗೆ, ಒಬ್ಬನಿಗೆ ಕೊಟ್ಟದ್ದು ಇನ್ನೊಬ್ಬನದರಲ್ಲಿ ಕಡಿತ.

ನಿಮ್ಮ 4060 ಎರಡು ಸ್ಲಾಟಿನ ಮಾದರಿಯಾದರೆ ದಪ್ಪ ಸುಮಾರು 40 ಮಿಲಿಮೀಟರ್. ಮೂರು ಫ್ಯಾನಿನ, ಎರಡೂವರೆ ಸ್ಲಾಟಿನ 4060ಗಳೂ ಇವೆ. 115 ವ್ಯಾಟಿನ ಕಾರ್ಡಿಗೆ ಅದು ಬೇಕಿಲ್ಲ, ಕೂಲರಿನ ಪಾಲನ್ನು ತಿಂದುಹಾಕುತ್ತದೆ. 40ರ ಕಾರ್ಡು ಇದ್ದರೆ ನಡುತಗಡನ್ನು ಕಾರ್ಡಿಗೆ ಸುಮಾರು 48, ಕೂಲರಿಗೆ ಸುಮಾರು 72 ಸಿಗುವ ಹಂತಕ್ಕೆ ಇಡಿ. ಆಗ ಥರ್ಮಲ್‌ರೈಟ್‌ನ 67 ಮಿಲಿಮೀಟರ್ ಎತ್ತರದ, 120 ಮಿಲಿಮೀಟರ್ ಫ್ಯಾನಿನ ಎಎಕ್ಸ್‌ಪಿ120-ಎಕ್ಸ್67 ಕೂರುತ್ತದೆ. ಕೂಲರಿನ ಫ್ಯಾನಿಗೂ ರಂಧ್ರಗಳಿರುವ ಪಕ್ಕದ ತಗಡಿಗೂ ಐದು ಮಿಲಿಮೀಟರ್ ಸಂದು ಉಳಿಯುತ್ತದೆ, ಕಾರ್ಡಿನ ಕಡೆ ಎಂಟು.

ಆ ಐದು ಮಿಲಿಮೀಟರಿನ ಸಂದೇ ಇಡೀ ಜೋಡಣೆಯ ಜೀವ. ಫ್ಯಾನು ತಗಡಿನ ರಂಧ್ರಕ್ಕೆ ಹತ್ತಿರವಿದ್ದರೆ ರೂಮಿನ ಗಾಳಿಯನ್ನು ನೇರ ಎಳೆದುಕೊಳ್ಳುತ್ತದೆ. ದೂರವಿದ್ದರೆ ಏನಾಗುತ್ತದೆಂದರೆ, ರೆಕ್ಕೆಗಳನ್ನು ದಾಟಿ ಬಿಸಿಯಾಗಿ ಬಂದ ಗಾಳಿ ಮದರ್‌ಬೋರ್ಡಿಗೆ ಬಡಿದು, ಪಕ್ಕದಿಂದ ಸುತ್ತಿಕೊಂಡು ಮತ್ತೆ ಅದೇ ಫ್ಯಾನಿನ ಬಾಯಿಗೆ ಬೀಳುತ್ತದೆ. ಮುಚ್ಚಿದ ಬಚ್ಚಲಲ್ಲಿ ಉಗಿ ಸುತ್ತಿದ ಹಾಗೆ. 37 ಮಿಲಿಮೀಟರಿನ ನಾಕ್ಟುವಾ ಎಲ್9 ಕೂಲರ್ ತಂದು 72ರ ಜಾಗದಲ್ಲಿ ಕೂರಿಸಿದರೆ 35 ಮಿಲಿಮೀಟರ್ ಖಾಲಿ ಉಳಿಯುತ್ತದೆ, ಆಗ ಅದು ತನ್ನ ಬಿಸಿಯನ್ನೇ ತಾನು ಉಸಿರಾಡುತ್ತದೆ. ಅಂಥ ಸಂದು ಬಿದ್ದರೆ ಫ್ಯಾನಿನ ಅಂಚಿನಿಂದ ತಗಡಿನವರೆಗೆ ಫೋಮಿನ ಚೌಕಟ್ಟು ಕಟ್ಟಬೇಕು. ನಾಕ್ಟುವಾ ಎನ್‌ಎ-ಎಫ್‌ಡಿ1 ಅಂತ ಇದಕ್ಕೆಂದೇ ಒಂದು ಕಿಟ್ ಮಾಡುತ್ತದೆ. ಚಪ್ಪಲಿ, ಆಟಿಕೆಗೆ ಬಳಸುವ ಮೆತ್ತನೆಯ ಫೋಮ್ ಹಾಳೆಯನ್ನು ಚೌಕವಾಗಿ ಕತ್ತರಿಸಿ ಅಂಟಿಸಿದರೂ ಅದೇ ಕೆಲಸ ಆಗುತ್ತದೆ. ಉಲ್ಟಾ ತೊಂದರೆಯೂ ಉಂಟು: ಸಂದು ಎರಡು ಮೂರು ಮಿಲಿಮೀಟರಿಗೆ ಇಳಿದರೆ ಫ್ಯಾನು ರಂಧ್ರಗಳ ಮೇಲೆ ಸಿಳ್ಳೆ ಹೊಡೆಯತೊಡಗುತ್ತದೆ.

ಕೂಲರ್ ಕೊಳ್ಳುವಾಗ ಎರಡು ಕಡೆ ಎಡವುವುದುಂಟು. 7600 ಕೂರುವ ಎಎಂ5 ಸಾಕೆಟ್ಟಿನಲ್ಲಿ ಮದರ್‌ಬೋರ್ಡಿನ ಹಿಂದಿರುವ ಲೋಹದ ಫಲಕವನ್ನು ಬಿಚ್ಚುವ ಹಾಗಿಲ್ಲ, ಸಾಕೆಟ್ಟೇ ಅದರ ಆಸರೆಯಲ್ಲಿ ನಿಂತಿದೆ. ಹಿಂದಿನಿಂದ ತನ್ನದೇ ಫಲಕ ಹಾಕಿ ತಿರುಪು ಬಿಗಿಯುವ ಹಳೆಯ ಎಎಂ4 ಕೂಲರುಗಳು ಹಾಗಾಗಿ ಕೂರುವುದಿಲ್ಲ, ಎಎಂ5 ಎಂದು ಡಬ್ಬಿಯ ಮೇಲೆ ಬರೆದಿರಲೇಬೇಕು. ಎರಡನೆಯದು ರ‍್ಯಾಮ್. 120 ಮಿಲಿಮೀಟರ್ ಫ್ಯಾನಿನ ಕೂಲರ್ ರ‍್ಯಾಮಿನ ಮೇಲಕ್ಕೆ ಚಾಚಿಕೊಳ್ಳುತ್ತದೆ, ಬಣ್ಣದ ದೀಪದ ಎತ್ತರದ ರ‍್ಯಾಮ್ ಅಲ್ಲಿ ಹಿಡಿಯುವುದಿಲ್ಲ. ಕಿರೀಟವಿಲ್ಲದ, 31ರಿಂದ 34 ಮಿಲಿಮೀಟರ್ ಎತ್ತರದ ಸಾದಾ ಡಿಡಿಆರ್5 ತೆಗೆದುಕೊಳ್ಳಿ. ಇಷ್ಟೆಲ್ಲ ತಲೆನೋವು ಬೇಡ ಅನ್ನಿಸಿದರೆ 53 ಮಿಲಿಮೀಟರಿನ ಎಎಕ್ಸ್‌ಪಿ90-ಎಕ್ಸ್53 ಹಾಕಿ ಫೋಮ್ ಚೌಕಟ್ಟು ಕಟ್ಟಿ, ಅಥವಾ ನಡುತಗಡನ್ನೇ ಕೂಲರಿನ ಬದಿಯ ತಗಡಿನ ಹತ್ತಿರಕ್ಕೆ ಸರಿಸಿ ಕಾರ್ಡಿಗೆ ಜಾಗ ಬಿಡಿ. 61 ವ್ಯಾಟಿಗೆ ಅದು ಸಾಕು. ಅಂದಹಾಗೆ 7600ರ ಡಬ್ಬಿಯಲ್ಲೇ ಬರುವ ಪುಕ್ಕಟೆ ಕೂಲರಿನ ಎತ್ತರವೂ 54 ಮಿಲಿಮೀಟರ್. ದುಡ್ಡು ಹೊಂದುವವರೆಗೆ ಅದರಲ್ಲೇ ನಡೆಸಬಹುದು, ಗದ್ದಲ ಸಹಿಸಿಕೊಳ್ಳಬೇಕು ಅಷ್ಟೆ.

ಪವರ್ ಸಪ್ಲೈ ಪ್ರಶ್ನೆ ಚಿಕ್ಕದು. ಪ್ರೊಸೆಸರ್ 88, ಕಾರ್ಡ್ 115, ಮದರ್‌ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನುಗಳಿಗೆಲ್ಲ ಸೇರಿ 50 ಹಿಡಿಯಿರಿ. 253 ವ್ಯಾಟ್. ಕಾರ್ಡುಗಳು ಕ್ಷಣಕಾಲ ತಮ್ಮ ಮಿತಿ ಮೀರಿ ಎಳೆಯುವುದನ್ನು ಸೇರಿಸಿದರೂ 450 ವ್ಯಾಟಿನ ಒಳ್ಳೆಯ ಎಸ್‌ಎಫ್‌ಎಕ್ಸ್ ಆರಾಮವಾಗಿ ಹೊರುತ್ತದೆ. ಮುಂದೆ ದೊಡ್ಡ ಕಾರ್ಡ್ ಹಾಕುವ ಯೋಚನೆ ಇದ್ದರೆ 600 ತೆಗೆದುಕೊಳ್ಳಿ. 850 ಕೊಟ್ಟು ತಂದರೆ ಬೇಕಿಲ್ಲದ ಕೇಬಲುಗಳಿಗೂ ದುಡ್ಡು ಕೊಟ್ಟಂತೆ.

ವ್ಯಾಟಿಗಿಂತ ಹೆಚ್ಚು ಗೊಂದಲ ಆಗುವುದು ಆಕಾರದಲ್ಲಿ. ಎಸ್‌ಎಫ್‌ಎಕ್ಸ್ ಅಂದರೆ ಅಗಲ 125, ಎತ್ತರ 63.5, ಉದ್ದ 100 ಮಿಲಿಮೀಟರ್. ಮಾಮೂಲಿ ಎಟಿಎಕ್ಸ್ ಸಪ್ಲೈಯ ಅರ್ಧಕ್ಕಿಂತ ಕಡಿಮೆ ಜಾಗ. ಎಸ್‌ಎಫ್‌ಎಕ್ಸ್-ಎಲ್ ಎಂಬುದು ಅದನ್ನೇ 130ಕ್ಕೆ ಉದ್ದ ಮಾಡಿ 120 ಮಿಲಿಮೀಟರ್ ಫ್ಯಾನ್ ಕೂರಿಸಿದ್ದು. ಸದ್ದು ಕಡಿಮೆ, ಆದರೆ ಆ ಹೆಚ್ಚಿನ 30 ಮಿಲಿಮೀಟರ್ ಕೇಬಲುಗಳನ್ನು ಮಡಚುವ ಜಾಗದಿಂದಲೇ ಬರಬೇಕು. ಟೆರಾ ಎರಡನ್ನೂ ಒಪ್ಪುತ್ತದೆ, ಆದರೂ ಮೊದಲ ಸಲ ಕಟ್ಟುವವರಿಗೆ ನಾನು ಚಿಕ್ಕದನ್ನೇ ಹೇಳುತ್ತೇನೆ. ಅಂಗಡಿಯಲ್ಲಿ "ಚಿಕ್ಕ ಸಪ್ಲೈ" ಅಂತ ಕೇಳಿದರೆ ಟಿಎಫ್‌ಎಕ್ಸ್ ಕೊಟ್ಟು ಕಳಿಸುವುದುಂಟು, ಅದು ಆಫೀಸು ಪಿಸಿಗಳ ಉದ್ದನೆಯ ಕೋಲು, ಇಲ್ಲಿ ತಿರುಪಿನ ತೂತೇ ಹೊಂದುವುದಿಲ್ಲ. ಕೇಬಲುಗಳನ್ನು ಬಿಚ್ಚಿ ಹಾಕುವ ಮಾಡ್ಯುಲರ್ ಮಾದರಿಯೇ ಇರಲಿ. ಆದರೆ ಮನೆಯಲ್ಲಿರುವ ಬೇರೆ ಕಂಪನಿಯ ಸಪ್ಲೈಯ ಕೇಬಲನ್ನು ಇದಕ್ಕೆ ಚುಚ್ಚಲೇಬೇಡಿ. ತುದಿ ಸರಿಯಾಗಿ ಕೂರುತ್ತದೆ, ಒಳಗಿನ ತಂತಿಗಳ ಕ್ರಮ ಬೇರೆ ಇರುತ್ತದೆ; ಸ್ವಿಚ್ ಒತ್ತಿದ ಕ್ಷಣಕ್ಕೆ ಡ್ರೈವ್ ಸತ್ತಿರುತ್ತದೆ.

ಕರೆಂಟ್ ಹೋಗಿ ಬರುವ ಊರಾದ್ದರಿಂದ ಇನ್ನೊಂದು ಮಾತು. ಈ ಸಪ್ಲೈಗಳಲ್ಲಿ ಆಕ್ಟಿವ್ ಪಿಎಫ್‌ಸಿ ಎಂಬ ಸರ್ಕ್ಯೂಟ್ ಇರುತ್ತದೆ. ಚೌಕದ ಅಲೆ ಕೊಡುವ ಹಳೆಯ ಮನೆ ಇನ್ವರ್ಟರುಗಳ ಜೊತೆ ಅದು ಕೆಲವೊಮ್ಮೆ ಹೊಂದುವುದಿಲ್ಲ: ಕರೆಂಟ್ ಹೋದಾಗ ಪಿಸಿ ಪಟ್ಟನೆ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ, ಇಲ್ಲವೇ ಸಪ್ಲೈ ಗುಂಯ್ ಅನ್ನುತ್ತದೆ. ಹಾಗಾದರೆ ದೋಷ ಸಪ್ಲೈಯದ್ದಲ್ಲ, ಸೈನ್ ವೇವ್ ಇನ್ವರ್ಟರ್ ಅಥವಾ ಯುಪಿಎಸ್ ಬೇಕು.

ಜೋಡಿಸುವಾಗ ಅವಸರ ಬೇಡ, ಪುಟ್ಟ ಡಬ್ಬಿಯಲ್ಲಿ ಒಂದು ಹಂತ ಮರೆತರೆ ಎಲ್ಲವನ್ನೂ ಮತ್ತೆ ಬಿಚ್ಚಬೇಕು. ಮದರ್‌ಬೋರ್ಡನ್ನು ಅದರದೇ ರಟ್ಟಿನ ಡಬ್ಬಿಯ ಮೇಲಿಟ್ಟು ಪ್ರೊಸೆಸರ್, ರ‍್ಯಾಮ್, ಎಸ್‌ಎಸ್‌ಡಿ, ಕೂಲರ್ ಹಾಕಿ. ಮಿನಿ-ಐಟಿಎಕ್ಸ್ ಬೋರ್ಡುಗಳಲ್ಲಿ ಎರಡನೇ ಎಸ್‌ಎಸ್‌ಡಿ ಸ್ಲಾಟು ಹಿಂಬದಿಗೆ ಇರುವುದುಂಟು, ಅದನ್ನು ಬಳಸುವುದಿದ್ದರೆ ಈಗಲೇ. ಹಾಗೇ ಕ್ಯಾಬಿನೆಟ್ಟಿನ ಹೊರಗೇ ಸಪ್ಲೈ ಚುಚ್ಚಿ, ಮದರ್‌ಬೋರ್ಡಿನ ಎಚ್‌ಡಿಎಂಐನಿಂದ ಮಾನಿಟರಿಗೆ ಕೊಟ್ಟು ಒಮ್ಮೆ ಹೊತ್ತಿಸಿ. 7600ರಲ್ಲಿ ಚಿಕ್ಕದೊಂದು ಗ್ರಾಫಿಕ್ಸ್ ಇರುವುದರಿಂದ ಚಿತ್ರ ಬರುತ್ತದೆ. ಮೊದಲ ಸಲ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರುತ್ತದೆ. ಎಎಂ5 ಬೋರ್ಡುಗಳು ಹೊಸ ರ‍್ಯಾಮನ್ನು ಪಳಗಿಸಿಕೊಳ್ಳಲು ತೆಗೆದುಕೊಳ್ಳುವ ಹೊತ್ತು ಅದು. ಕೆಟ್ಟಿದೆ ಅಂದುಕೊಂಡು ಸ್ವಿಚ್ ಆರಿಸಿ ಹೊತ್ತಿಸಿ ಮಾಡಿದರೆ ಅದು ಮತ್ತೆ ಮೊದಲಿಂದ ಶುರುಮಾಡುತ್ತದೆ. ಎದ್ದು ಹೋಗಿ ಚಹಾ ಕುಡಿದು ಬನ್ನಿ.

ಬೋರ್ಡನ್ನು ಒಳಗಿಡುವಾಗ ಪ್ರೊಸೆಸರಿನ ಎಂಟು ಪಿನ್ನಿನ ಕೇಬಲನ್ನು ಮೊದಲೇ ಚುಚ್ಚಿಕೊಳ್ಳಿ. ಅದರ ಜಾಗ ಕೂಲರಿನ ಕೊಳವೆಗಳ ಹಿಂದಿನ ಮೂಲೆಯಲ್ಲಿರುತ್ತದೆ, ಆಮೇಲೆ ಬೆರಳು ಹೋಗುವುದಿಲ್ಲ. ಕಾರ್ಡು ಜೋಡಿಸಿದ ಮೇಲೆ ಬಯೋಸ್‌ನಲ್ಲಿ ಗ್ರಾಫಿಕ್ಸ್ ಸ್ಲಾಟಿನ ವೇಗ `Auto` ಇದ್ದದ್ದನ್ನು `Gen 4` ಮಾಡಿ, ಟೆರಾದ ರೈಸರ್ ಕೇಬಲ್ ಆ ವೇಗದ್ದು. ಬೇರೆ ಡಬ್ಬಿ ತಂದು ಅದರ ರೈಸರ್ ಹಳೆಯದಾಗಿದ್ದರೆ `Gen 3`. ರೈಸರಿಗೆ ಮೀರಿದ ವೇಗ ಇಟ್ಟರೆ ಪರದೆ ಕಪ್ಪಾಗುತ್ತದೆ ಅಥವಾ ಗೇಮಿನ ನಡುವೆ ಪಿಸಿ ನಿಲ್ಲುತ್ತದೆ, ವಿಂಡೋಸ್‌ನ `Event Viewer`ನಲ್ಲಿ `WHEA-Logger` ಎಂಬ ಸಾಲುಗಳು ಪೇರಿಸಿರುತ್ತವೆ. ಜನ ಅದನ್ನು ಕಾರ್ಡಿನ ದೋಷವೆಂದು ತಿಳಿದು ವಾರಂಟಿಗೆ ಅಲೆಯುತ್ತಾರೆ.

ಎಲ್ಲ ಮುಗಿದ ಮೇಲೆ ಒಂದು ಪರೀಕ್ಷೆ ಮಾಡಿ, ಇದನ್ನು ಮಾತ್ರ ಬಿಡಬೇಡಿ. ಮೇಜಿನ ಮೇಲೆ ಥರ್ಮಾಮೀಟರ್ ಇಟ್ಟು ರೂಮಿನ ಬಿಸಿ ಬರೆದುಕೊಳ್ಳಿ. ಬಿಸಿಯನ್ನು ತೋರಿಸುವ `HWiNFO` ತೆರೆದು, ತಗಡುಗಳನ್ನೆಲ್ಲ ಮುಚ್ಚಿ, ಪ್ರೊಸೆಸರಿಗೆ ಪೂರ್ತಿ ಹೊರೆ ಕೊಡುವ `Cinebench` ಹತ್ತು ನಿಮಿಷ ಓಡಿಸಿ ಪ್ರೊಸೆಸರಿನ ಡಿಗ್ರಿ ಬರೆಯಿರಿ. ಆಮೇಲೆ ಕೂಲರಿನ ಬದಿಯ ತಗಡು ಮಾತ್ರ ತೆಗೆದು ಮತ್ತೆ ಹತ್ತು ನಿಮಿಷ. ತಗಡು ತೆಗೆದಾಗ ಎರಡು ಮೂರು ಡಿಗ್ರಿ ಇಳಿದರೆ ಗಾಳಿಯ ದಾರಿ ಸರಿಯಾಗಿದೆ. ಎಂಟು ಹತ್ತು ಡಿಗ್ರಿ ಇಳಿದರೆ ಬಿಸಿಗಾಳಿ ಸುತ್ತುತ್ತಿದೆ, ಫೋಮ್ ಚೌಕಟ್ಟು ಬೇಕು. ಏನೂ ಇಳಿಯದೆ 95ರಲ್ಲೇ ನಿಂತಿದ್ದರೆ ತಪ್ಪು ಗಾಳಿಯಲ್ಲಿಲ್ಲ: ಕೂಲರಿನ ಒಂದು ತಿರುಪು ಸಡಿಲವಿದೆ, ಪೇಸ್ಟ್ ಸರಿಯಾಗಿ ಹರಡಿಲ್ಲ, ಅಥವಾ ಕೂಲರಿನ ತಳಕ್ಕೆ ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆಯನ್ನು ಕೀಳುವುದೇ ಮರೆತಿದ್ದೀರಿ. ಕೊನೆಯದು ತಮಾಷೆ ಅನ್ನಿಸಬಹುದು, ನಾನು ಬಿಚ್ಚಿ ನೋಡಿದ ಡಬ್ಬಿಗಳಲ್ಲಿ ಎರಡು ಸಲ ಸಿಕ್ಕಿದೆ.

ಫ್ಯಾನನ್ನು ತಿರುಗಿಸಿ ಬಿಸಿಯನ್ನು ಹೊರಕ್ಕೆ ಊದುವ ಹಾಗೆ ಮಾಡಿ ಅಂತ ಕೆಲವರು ಹೇಳುತ್ತಾರೆ. ಪ್ರೊಸೆಸರಿಗೆ ಒಮ್ಮೊಮ್ಮೆ ಲಾಭವಾಗುವುದುಂಟು, ಆದರೆ ಸುತ್ತಲಿನ ರ‍್ಯಾಮ್, ಎಸ್‌ಎಸ್‌ಡಿ, ಸಾಕೆಟ್ಟಿನ ಪಕ್ಕದ ವೋಲ್ಟೇಜ್ ಚಿಪ್ಪುಗಳಿಗೆ ಸಿಗುತ್ತಿದ್ದ ಗಾಳಿ ನಿಂತುಹೋಗುತ್ತದೆ. ಕಲಬುರಗಿಯಲ್ಲಿ ನಾನು ಒಳಕ್ಕೇ ಊದಿಸುತ್ತೇನೆ.

ಡಬ್ಬಿ ಚಿಕ್ಕದಾದ ಮಾತ್ರಕ್ಕೆ ಬಿಸಿ ಚಿಕ್ಕದಾಗುವುದಿಲ್ಲ ಎಂಬುದೂ ನೆನಪಿರಲಿ. ಗೇಮ್ ಆಡುವಾಗ 200 ವ್ಯಾಟಿನಷ್ಟು ನಿಮ್ಮ ಎಂಟಡಿಯ ರೂಮಿಗೇ ಸುರಿಯುತ್ತದೆ. ಬಾಗಿಲು ಹಾಕಿ ಎರಡು ಗಂಟೆ ಕೂತರೆ ರೂಮಿನ ಬಿಸಿ ಏರುತ್ತದೆ, ಅದರ ಹಿಂದೆಯೇ ಪ್ರೊಸೆಸರಿನದೂ. ಕಿಟಕಿ ತೆರೆಯಿರಿ. ಪಿಸಿಯನ್ನು ಬೀರುವಿಗೆ ಒತ್ತಿ ಇಡಬೇಡಿ, ಎರಡೂ ಬದಿಗೆ ಒಂದೊಂದು ಗೇಣಿನ ಜಾಗ ಬಿಡಿ. ಫ್ಯಾನು ತಗಡಿಗೆ ಅಂಟಿದಂತಿರುವುದರಿಂದ ಧೂಳು ಮೊದಲು ರೆಕ್ಕೆಗಳ ನಡುವೆ ತುಂಬುತ್ತದೆ. ತಿಂಗಳಿಗೊಮ್ಮೆ ಬ್ರಷ್ಷಿನಿಂದ ತೆಗೆಯಿರಿ, ಊದುವಾಗ ಫ್ಯಾನನ್ನು ಬೆರಳಿನಿಂದ ಹಿಡಿದುಕೊಳ್ಳಿ.

ಬಯೋಸ್‌ನಲ್ಲಿ ಎರಡು ಪ್ರೊಫೈಲ್ ಉಳಿಸಿಟ್ಟುಕೊಳ್ಳಿ, ಒಂದು 61 ವ್ಯಾಟಿನದು, ಒಂದು 88ರದು. ಫೆಬ್ರವರಿ ಕೊನೆಗೆ ಮೊದಲನೆಯದನ್ನು ಹಾಕಿ, ಮಳೆ ಹಿಡಿದು ರೂಮು 30ರ ಆಸುಪಾಸಿಗೆ ಬಂದ ಮೇಲೆ ಎರಡನೆಯದಕ್ಕೆ ಬದಲಾಯಿಸಿ.